ಸೂಪರ್ ವೀಸಾ ವಿಮೆಯ ಷರತ್ತು ಓದಿ

ಮಾನ್ಯರೇ,

ಕೆನಡಾದಲ್ಲಿ ನೆಲೆಸಿದ ಮಕ್ಕಳು ಹೆತ್ತವರನ್ನು ಸೂಪರ್ ವೀಸಾದಲ್ಲಿ ಕರೆಸಿಕೊಂಡರೆ ಅವರು ಒಂದು ಸಲಕ್ಕೆ ಐದು ವರ್ಷದವರೆಗೆ ಅಲ್ಲಿರಬಹುದು. 2022ರ ಜುಲೈಗೆ ಮುಂಚೆ ಎರಡೇ ವರ್ಷವಿತ್ತು. ಇದಕ್ಕೆ ಅರ್ಜಿ ಹಾಕುವ ನಮ್ಮ ಕಡೆಯ ಕುಟುಂಬಗಳು ಆದಾಯದ ಲೆಕ್ಕದಲ್ಲೂ ವಿಮೆಯ ಆಯ್ಕೆಯಲ್ಲೂ ಎಡವುವುದರಿಂದ ಈ ಪತ್ರ.

ಮಕ್ಕಳಿಗೆ ಇರಬೇಕಾದ ಕನಿಷ್ಠ ಆದಾಯ ತಲೆ ಎಣಿಕೆಯ ಮೇಲೆ ನಿಂತಿದೆ. ಬರಲಿರುವ ಹೆತ್ತವರೂ ಆ ಎಣಿಕೆಯಲ್ಲಿ ಸೇರುತ್ತಾರೆ ಎಂಬುದನ್ನು ಮರೆಯುವವರೇ ಬಹಳ. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ ತಾಯಿ ಹೋದರೆ ನಾಲ್ಕು ಜನ. 2025ರ ಜುಲೈ 29ರಿಂದ ಜಾರಿಗೆ ಬಂದ ಪಟ್ಟಿಯಂತೆ ವರ್ಷಕ್ಕೆ 56,724 ಕೆನಡಾ ಡಾಲರ್ ಬೇಕು. ತಂದೆಯೂ ಹೊರಟರೆ 64,336. ಮಗನಿಗೆ 52,000 ಬರುತ್ತಿದ್ದರೆ ಸಾಲದು, ಸೊಸೆಯ 18,000 ಸೇರಿಸಿದರೆ ದಾಟುತ್ತದೆ. ಆಗ ಆಹ್ವಾನ ಪತ್ರಕ್ಕೆ ಸೊಸೆಯ ಸಹಿಯೂ ಇರಬೇಕು, ಇಬ್ಬರ ಆದಾಯಕ್ಕೂ ದಾಖಲೆ ಬೇಕು. ತೆರಿಗೆ ಇಲಾಖೆ ಕೊಡುವ ನೋಟಿಸ್ ಆಫ್ ಅಸೆಸ್‌ಮೆಂಟ್ ಇದ್ದರೆ ಒಳ್ಳೆಯದು.

ವಿಮೆ ಕನಿಷ್ಠ 1,00,000 ಕೆನಡಾ ಡಾಲರಿನದ್ದಾಗಿರಬೇಕು, ದೇಶ ಪ್ರವೇಶಿಸಿದ ದಿನದಿಂದ ಒಂದು ವರ್ಷ ಚಾಲ್ತಿಯಲ್ಲಿರಬೇಕು. ಬರೀ ಕೊಟೇಶನ್ ನಡೆಯುವುದಿಲ್ಲ, ಹಣ ಕಟ್ಟಿರಬೇಕು. ಮುಂಗಡ ಕೊಟ್ಟು ಕಂತಿನಲ್ಲಿ ಕಟ್ಟಬಹುದು. ಇಲ್ಲಿ ಕೊಳ್ಳುವ ಸಾಮಾನ್ಯ ಟ್ರಾವೆಲ್ ಪಾಲಿಸಿ ಇದಕ್ಕೆ ಆಗಿಬರುವುದಿಲ್ಲ. ಕೆನಡಾದ ಕಂಪನಿ, ಇಲ್ಲವೇ ಅಲ್ಲಿ ವಿಮಾ ವ್ಯವಹಾರಕ್ಕೆ ಅನುಮತಿ ಪಡೆದ ವಿದೇಶಿ ಕಂಪನಿಯದ್ದೇ ಆಗಬೇಕು.

ಇಷ್ಟಾದರೆ ವೀಸಾದ ಷರತ್ತು ಮುಗಿಯಿತು. ಆದರೆ ಆಸ್ಪತ್ರೆಯ ಬಿಲ್ಲನ್ನು ಕಂಪನಿ ಕಟ್ಟುತ್ತದೋ ಇಲ್ಲವೋ ಎಂಬುದು ಬೇರೆ ಮಾತು. ಬಿಪಿ, ಸಕ್ಕರೆ ಕಾಯಿಲೆಯಂಥ ಹಳೆಯ ತೊಂದರೆಗಳನ್ನು ಕೆಲವು ಪಾಲಿಸಿಗಳು ಪೂರ್ತಿ ಹೊರಗಿಡುತ್ತವೆ. ಒಳಗೊಳ್ಳುವ ಪಾಲಿಸಿಗಳೂ ಸಾಮಾನ್ಯವಾಗಿ ಆ ಕಾಯಿಲೆ ಇಂತಿಷ್ಟು ದಿನ ಸ್ಥಿರವಾಗಿರಬೇಕು ಎನ್ನುತ್ತವೆ. ಆ ಅವಧಿ 180 ದಿನವಾಗಿದ್ದು, ಪಾಲಿಸಿ ಅಕ್ಟೋಬರ್ 1ಕ್ಕೆ ಶುರುವಾದರೆ, ಏಪ್ರಿಲ್ ಮೊದಲ ವಾರದಿಂದ ಈಚೆಗೆ ಬಿಪಿ ಮಾತ್ರೆ ಬದಲಾಗಿರಕೂಡದು. ಆಗಸ್ಟ್‌ನಲ್ಲಿ ಡಾಕ್ಟರು ಡೋಸ್ ಏರಿಸಿದ್ದರೆ, ಎಷ್ಟೋ ಪಾಲಿಸಿಗಳಲ್ಲಿ ಇಳಿಸಿದ್ದರೂ ಸರಿ, ಬಿಪಿಗೆ ಸಂಬಂಧಿಸಿದ ಕ್ಲೇಮ್ ತಿರಸ್ಕೃತವಾಗುತ್ತದೆ. ಜಾರಿ ಬಿದ್ದು ಕಾಲು ಮುರಿಯುವಂಥ, ಬಿಪಿಗೆ ಸಂಬಂಧವಿಲ್ಲದ ಕ್ಲೇಮಿಗೆ ಹಣ ಸಿಗಬಹುದು. ಹೀಗಾಗಿ ಅಗ್ಗದ ಪ್ರೀಮಿಯಂ ತೋರಿಸುವ ಏಜೆಂಟರನ್ನು ಮೊದಲು ಈ ಅವಧಿ ಎಷ್ಟು ದಿನ ಎಂದು ಕೇಳಬೇಕು. ಡಾಕ್ಟರ ಹಳೆಯ ಚೀಟಿಗಳ ತಾರೀಖನ್ನು ಅದಕ್ಕೆ ಹೊಂದಿಸಿ ನೋಡಬೇಕು. ಆರೋಗ್ಯದ ಪ್ರಶ್ನಾವಳಿಯಲ್ಲಿ ಮಾತ್ರೆಯೊಂದನ್ನು ಮುಚ್ಚಿಟ್ಟರೆ ಇಡೀ ಪಾಲಿಸಿಯೇ ರದ್ದಾಗುವ ಅಪಾಯವಿದೆ.

ಎರಡನೇ ವರ್ಷಕ್ಕೆ ವಿಮೆ ಮತ್ತೆ ಕೊಳ್ಳುವಾಗ ಸ್ಥಿರತೆಯ ಲೆಕ್ಕ ಹೊಸದಾಗಿ ಶುರುವಾಗಬಹುದು, ಅದನ್ನೂ ಕೇಳಿಕೊಳ್ಳಿ. ವೀಸಾ ಸಿಗದಿದ್ದರೆ ಹಣ ಪೂರ್ತಿ ವಾಪಸಾಗುವ ಷರತ್ತು ಬರಹದಲ್ಲಿರಲಿ. ವಿಮಾನ ಇಳಿದಾಗ ಅಧಿಕಾರಿ ವಿಮೆ ಕೇಳಬಹುದಾದ್ದರಿಂದ ಪಾಲಿಸಿಯ ಪ್ರತಿ ಪಾಸ್‌ಪೋರ್ಟ್ ಜೊತೆ ಕೈಚೀಲದಲ್ಲೇ ಇರಬೇಕು.

ಇಂತಿ,
ಒಬ್ಬ ಓದುಗ, ಮೈಸೂರು