ಓಟ ಮುಗಿದ ಮೇಲೆ ಬರುವ ಕೆಮ್ಮು

ಸಂಪಾದಕರಿಗೆ,

ಮಾನ್ಯರೇ,

ಮಂಡ್ಯ ಜಿಲ್ಲೆಯ ಶಾಲೆಗಳಲ್ಲಿ 28 ವರ್ಷ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ಈಗ ನಿವೃತ್ತ. ಹೋಬಳಿ ಕ್ರೀಡಾಕೂಟಗಳು ಮುಗಿದು ತಾಲ್ಲೂಕು ಮಟ್ಟದವು ಶುರುವಾಗುವ ಈ ಹೊತ್ತಿನಲ್ಲಿ, ನಾನು ಮಾಡಿದ ಒಂದು ತಪ್ಪನ್ನು ನಿಮ್ಮ ಓದುಗರ ಮುಂದೆ ಇಡಬೇಕು ಅನ್ನಿಸಿದೆ. ಅದೇ ತಪ್ಪು ಈಗಲೂ ಮೈದಾನಗಳಲ್ಲಿ ನಡೆಯುತ್ತಿರುವುದನ್ನು ಕಣ್ಣಾರೆ ನೋಡುತ್ತಿದ್ದೇನೆ.

ನಮ್ಮ ಶಾಲೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳಿದ್ದಳು. 800 ಮೀಟರ್ ಓಟದಲ್ಲಿ ಅವಳ ಹತ್ತಿರ ಸುಳಿಯುವವರು ಇರಲಿಲ್ಲ. ಆದರೆ ಓಟ ಮುಗಿಸಿ ಐದು ನಿಮಿಷಕ್ಕೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ಬೇವಿನ ಮರದ ಕೆಳಗೆ ಮಂಡಿ ಮೇಲೆ ಕೈಯಿಟ್ಟು ಬಗ್ಗಿ, "ಎದೆ ಹಿಡ್ಕೊಳ್ತದೆ ಸಾ" ಅನ್ನುತ್ತಿದ್ದಳು. ಹತ್ತಿರ ಹೋದರೆ ಉಸಿರು ಬಿಡುವಾಗ ಕುಯ್ ಅನ್ನೋ ಸಣ್ಣ ಸದ್ದು. ಮುಕ್ಕಾಲು ಗಂಟೆಯಲ್ಲಿ ತಾನೇ ಸರಿಹೋಗುತ್ತಿತ್ತು. ನಾನು ಸ್ಟ್ಯಾಮಿನಾ ಸಾಲದು ಅಂದುಕೊಂಡು ಇನ್ನೂ ಎರಡು ಸುತ್ತು ಜಾಸ್ತಿ ಓಡಿಸಿದೆ. ಒಂದು ಕೂಟದಲ್ಲಿ ಬೆಳಿಗ್ಗೆ 800 ಮೀಟರ್ ಓಡಿ ಹೀಗೆ ಕೆಮ್ಮಿದವಳು, ಒಂದೂವರೆ ಗಂಟೆ ಬಿಟ್ಟು ರಿಲೇ ಓಡಿದಾಗ ಒಂದು ಸಲವೂ ಕೆಮ್ಮಲಿಲ್ಲ. ಆಗ ನನಗೆ ಬಂದ ಯೋಚನೆ ಬರೆಯಲು ನಾಚಿಕೆಯಾಗುತ್ತದೆ. ಬೆಳಿಗ್ಗೆ ಮಾಡಿದ್ದು ನಾಟಕ ಅಂದುಕೊಂಡೆ.

ನಾಟಕ ಅಂತ ನಾನು ತಿಳಿದಿದ್ದೇ ರೋಗದ ಗುರುತು ಅಂತ ಆಮೇಲೆ ಗೊತ್ತಾಯಿತು. ಅವಳ ತಾಯಿ ಮೈಸೂರಿನಲ್ಲಿ ಎದೆರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು, ಜೊತೆಗೆ ನಾನೂ ಹೋದೆ. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೆಮ್ಮು ಓಡುವಾಗ ಬರುತ್ತೋ, ನಿಂತ ಮೇಲೋ?" ನಿಂತ ಮೇಲೆ ಅಂದೆವು. ಅವಳನ್ನು ಯಂತ್ರಕ್ಕೆ ಜೋರಾಗಿ ಊದಿಸಿದರು. ಮೊದಲ ಒಂದು ಸೆಕೆಂಡಿನಲ್ಲಿ 2.4 ಲೀಟರ್ ಗಾಳಿ ಹೊರಬಂತು. ಆಮೇಲೆ ಮೂಗಿಗೆ ಕ್ಲಿಪ್ ಹಾಕಿ, ಟ್ರೆಡ್‌ಮಿಲ್ ಮೇಲೆ ಎಂಟು ನಿಮಿಷ ಏದುಸಿರು ಬರುವಷ್ಟು ಓಡಿಸಿ, ಮತ್ತೆ ಮತ್ತೆ ಊದಿಸಿದರು. ಐದು ನಿಮಿಷಕ್ಕೆ 2.1, ಹತ್ತು ನಿಮಿಷಕ್ಕೆ 1.9, ಅರ್ಧ ಗಂಟೆಗೆ ಮತ್ತೆ 2.3. ನೂರಕ್ಕೆ 10ರಷ್ಟು ಇಳಿದರೇ ಸಾಕು, ಶ್ವಾಸನಾಳ ಬಿಗಿದುಕೊಂಡಿದೆ ಅಂತ ಲೆಕ್ಕ. ಇವಳದು 20 ದಾಟಿತ್ತು. ಓಟ ನಿಲ್ಲಿಸಿದ ಮೇಲೆ ಇಳಿಯುತ್ತಾ ಹೋಗಿ, ಹತ್ತು ನಿಮಿಷದ ಹೊತ್ತಿಗೆ ತೀರಾ ಕೆಳಗೆ ಬಂದು, ಮತ್ತೆ ಮೇಲೇರುವ ಆ ಗೆರೆಯನ್ನು ಕಾಗದದ ಮೇಲೆ ನೋಡಿದಾಗ ನನಗೆ ಬೇವಿನ ಮರವೇ ಕಣ್ಣಿಗೆ ಬಂತು.

ಹೀಗೇಕೆ ಆಗುತ್ತದೆ ಅನ್ನುವುದನ್ನು ನಮ್ಮ ಮಂಡ್ಯದವರಿಗೆ ಆಲೆಮನೆ ಲೆಕ್ಕದಲ್ಲಿ ಹೇಳಿದರೆ ಸುಲಭ. ಸುಮ್ನೆ ಕುಳಿತಾಗ ಮೂಗಿನಲ್ಲಿ ಉಸಿರಾಡುತ್ತೇವೆ. ಮೂಗು ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಮಾಡಿ ಒಳಗೆ ಬಿಡುತ್ತದೆ. ಜೋರಾಗಿ ಓಡುವಾಗ ಬಾಯಿಂದ ಗಾಳಿ ಎಳೆಯುತ್ತೇವೆ, ಅದೂ ಹತ್ತಾರು ಪಟ್ಟು. ಆ ಒಣ ಗಾಳಿಗೆ ತೇವ ಕೊಟ್ಟೂ ಕೊಟ್ಟೂ ಶ್ವಾಸನಾಳದ ಒಳಮೈ ಮೇಲಿನ ತೆಳು ನೀರಿನ ಪದರ ಬತ್ತುತ್ತದೆ, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಬತ್ತಿ ಗಟ್ಟಿಯಾದ ಹಾಗೆ. ಅದು ಗಟ್ಟಿಯಾದಾಗ ಅಲ್ಲಿನ ಕೆಲವು ಜೀವಕೋಶಗಳು ಕೆರಳಿ ಹಿಸ್ಟಮಿನ್‌ನಂಥ ರಾಸಾಯನಿಕ ಬಿಡುತ್ತವೆ, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ. ಡಿಸೆಂಬರ್ ಬೆಳಗಿನ ಚಳಿಗಾಳಿಯಲ್ಲಿ ಇದು ಹೆಚ್ಚು. ಪಕ್ಕದ ಗದ್ದೆಯಲ್ಲಿ ಕಬ್ಬಿನ ತರಗಿಗೆ ಬೆಂಕಿ ಹಾಕಿದ್ದರೆ ಇನ್ನೂ ಹೆಚ್ಚು. ಅಂಥ ದಿನ ಪ್ರಾಕ್ಟೀಸ್ ಬಿಡುವುದೇ ಸರಿ.

ಒಂದು ಸಲ ಹೀಗೆ ಬಿಗಿದು ಸಡಿಲವಾದ ಮೇಲೆ, ಸುಮಾರು ಅರ್ಧದಷ್ಟು ಮಕ್ಕಳಲ್ಲಿ ಒಂದೆರಡು ಗಂಟೆ ಕಾಲ ಮತ್ತೆ ಅಷ್ಟು ಬಿಗಿಯುವುದಿಲ್ಲ. ಅದಕ್ಕೇ ಅವಳು ರಿಲೇಯಲ್ಲಿ ಕೆಮ್ಮಲಿಲ್ಲ. ವಾರ್ಮ್ ಅಪ್‌ನ ಗುಟ್ಟೂ ಇದೇ. ನಾಲ್ಕು ಸಲ ಕೈಕಾಲು ಬೀಸಿ, ಸೊಂಟ ತಿರುಗಿಸಿ ಲೈನಿಗೆ ನಿಲ್ಲಿಸುವುದು ಮೊಣಕಾಲಿಗೆ ಸಾಕಾದೀತು, ಶ್ವಾಸನಾಳಕ್ಕೆ ಸಾಲದು. ಐದು ನಿಮಿಷ ನಿಧಾನ ಜಾಗಿಂಗ್ ಮಾಡಿಸಿ, ಆಮೇಲೆ 30 ಸೆಕೆಂಡ್ ಜೋರು ಓಟ, ಮುಕ್ಕಾಲು ನಿಮಿಷ ನಡಿಗೆ, ಹೀಗೆ ಆರರಿಂದ ಎಂಟು ಸಲ ಮಾಡಿಸಬೇಕು. ನಡುವೆ ಬಿಡುವು ಇರುವುದರಿಂದ ಹುಡುಗರು ಸುಸ್ತಾಗುವುದಿಲ್ಲ, ಎದೆಗೆ ಮಾತ್ರ ಪೆಟ್ಟು ಮೊದಲೇ ಬಿದ್ದಿರುತ್ತದೆ. ಚಳಿ ಇದ್ದರೆ ಈ ಹೊತ್ತಿನಲ್ಲಿ ಮೂಗು ಬಾಯಿಗೆ ತೆಳು ಟವೆಲ್ ಸುತ್ತಿಕೊಳ್ಳಲಿ. ಎಲ್ಲರಿಗೂ ಇದರಿಂದ ಗುಣ ಕಾಣುವುದಿಲ್ಲ. ಹಾಗಾಗಿ ವಾರ್ಮ್ ಅಪ್ ಮಾಡಿಸಿದೆ ಅಂತ ಡಾಕ್ಟರು ಬರೆದ ಇನ್‌ಹೇಲರ್ ಬಿಡಿಸುವಂತಿಲ್ಲ.

ಅವಳಿಗೆ ಬರೆದದ್ದು ನೀಲಿ ಬಣ್ಣದ ಸಾಲ್ಬುಟಮಾಲ್ ಇನ್‌ಹೇಲರ್, ನಮ್ಮ ಕಡೆ 'ಪಂಪು' ಅನ್ನುತ್ತೇವಲ್ಲ, ಅದು. ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಆಟಕ್ಕೆ ಹದಿನೈದು ನಿಮಿಷ ಮೊದಲು ಎರಡು ಒತ್ತು. ಪರಿಣಾಮ ಎರಡರಿಂದ ನಾಲ್ಕು ಗಂಟೆ. ಬೆಳಿಗ್ಗೆ ಮನೆ ಬಿಡುವಾಗ ತೆಗೆದುಕೊಂಡು ಮಧ್ಯಾಹ್ನ ಓಡಿದರೆ ಏನೂ ಸಿಗುವುದಿಲ್ಲ. ಲೈನಿನಲ್ಲಿ ನಿಂತು ತೆಗೆದುಕೊಂಡರೆ ಔಷಧಿ ಕೆಲಸ ಶುರುಮಾಡುವಷ್ಟರಲ್ಲಿ ಓಟವೇ ಮುಗಿದಿರುತ್ತದೆ.

ಎಳೆಯುವ ರೀತಿಯಲ್ಲೂ ಎಡವುತ್ತಾರೆ. ಈ ಹುಡುಗಿ ಮೊದಮೊದಲು ಒತ್ತಿದ ಕೂಡಲೇ ಗಕ್ಕನೆ ಎಳೆದು ಬಾಯಿ ಬಿಡುತ್ತಿದ್ದಳು, ಬಿಳಿ ಹೊಗೆ ತುಟಿಯಂಚಿನಿಂದ ಹೊರಗೆ ಬರುತ್ತಿತ್ತು. ಹಾಗೆ ಹೊಗೆ ಕಂಡರೆ ಔಷಧಿ ಎದೆಗೆ ಹೋಗಿಲ್ಲ ಅಂತಲೇ ಅರ್ಥ. ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರಾ ಬಿಟ್ಟು, ಒಂದು ಸಲ ಒತ್ತಿ ನಿಧಾನವಾಗಿ ಎಳೆದು, ಹತ್ತು ಎಣಿಸುವ ತನಕ ಹಿಡಿದಿರಬೇಕು. ಅರ್ಧ ನಿಮಿಷ ಬಿಟ್ಟು ಎರಡನೆಯದು. ಸ್ಪೇಸರ್ ಅನ್ನುವ ಪ್ಲಾಸ್ಟಿಕ್ ಡಬ್ಬಿ ಸೇರಿಸಿದರೆ ಈ ತಾಳ ತಪ್ಪುವ ತೊಂದರೆಯೇ ಇಲ್ಲ. ಕ್ಯಾಪ್ಸೂಲ್ ಹಾಕಿ ಎಳೆಯುವ ಪುಡಿಯ ಇನ್‌ಹೇಲರ್ ಮಾತ್ರ ಇದಕ್ಕೆ ಉಲ್ಟಾ. ಅದನ್ನು ಜೋರಾಗಿಯೇ ಎಳೆಯಬೇಕು.

ಅವಳ ಅಜ್ಜಿಗೆ ಒಂದೇ ಭಯ, "ಪಂಪು ಚಟ ಆಯ್ತದೆ, ನಾಳೆ ಹೆಣ್ಣು ನೋಡಕ್ಕೆ ಬಂದೋರು ಏನಂದಾರು?" ಇನ್‌ಹೇಲರ್ ಹಿಟ್ಟಿನ ಡಬ್ಬದ ಹಿಂದೆ ಸೇರಿಬಿಟ್ಟಿತ್ತು. ಚಟ ಆಗುವುದಿಲ್ಲ. ಆದರೆ ಅಜ್ಜಿಯ ಅನುಮಾನ ಪೂರ್ತಿ ಸುಳ್ಳೂ ಅಲ್ಲ. ನೀಲಿ ಪಂಪೊಂದನ್ನೇ ದಿನಾ ಹೊಡೆದರೆ ಕೆಲವೇ ವಾರಗಳಲ್ಲಿ ಅದರ ರಕ್ಷಣೆ ಬೇಗ ಕರಗತೊಡಗುತ್ತದೆ. ಅದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆಯೇ ಹೊರತು ಒಳಗಿನ ಊತವನ್ನು ಇಳಿಸುವುದಿಲ್ಲ. ಈ ಹುಡುಗಿಗೆ ರಾತ್ರಿ ಹೊತ್ತೂ ಕೆಮ್ಮು ಇತ್ತು, ಅಂದರೆ ಅಸ್ತಮಾವೇ ಇತ್ತು. ಅದಕ್ಕೆ ಬೆಳಿಗ್ಗೆ ಸಂಜೆ ಎಳೆಯಲು ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇನ್‌ಹೇಲರ್ ಬರೆದರು. ಪಂಪು ತಪ್ಪದೆ ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಮತ್ತೆ ಬನ್ನಿ ಅಂದರು. ಅಸ್ತಮಾ ಇರುವವರಿಗೆ ನೀಲಿ ಪಂಪೊಂದೇ ಸಾಕು ಎನ್ನುವ ಪದ್ಧತಿಯನ್ನು ಜಾಗತಿಕ ಅಸ್ತಮಾ ಮಾರ್ಗಸೂಚಿ 'ಜೀನಾ' 2019ರಲ್ಲೇ ಕೈಬಿಟ್ಟಿದೆ. 12 ದಾಟಿದ ಮಕ್ಕಳಿಗೆ ಕೆಲವು ಡಾಕ್ಟರು ಆಟಕ್ಕೆ ಮೊದಲೂ ಸ್ಟೀರಾಯ್ಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಕೂಡಿದ ಇನ್‌ಹೇಲರನ್ನೇ ಕೊಡುತ್ತಾರೆ. ಹಾಗಾಗಿ ಒಬ್ಬರ ಪಂಪನ್ನು ಇನ್ನೊಬ್ಬರಿಗೆ ದಾನ ಮಾಡುವುದು ಬೇಡ.

ಓಟದ ಮಧ್ಯದಲ್ಲೇ ಗಂಟಲು ಬಿಗಿದು, ಉಸಿರು ಒಳಗೆ ಎಳೆಯುವಾಗ ಸದ್ದು ಬಂದು, ನಿಂತ ಎರಡು ಮೂರು ನಿಮಿಷಕ್ಕೇ ಸರಿಹೋದರೆ ಅದು ಬೇರೆ. ಅಲ್ಲಿ ಕಿರಿದಾಗುವುದು ಧ್ವನಿಪೆಟ್ಟಿಗೆ, ಪಂಪಿನಿಂದ ಉಪಯೋಗವಿಲ್ಲ. ಓಡುತ್ತಲೇ ತಲೆಸುತ್ತಿ ಬಿದ್ದರೆ ಅಥವಾ ಎದೆನೋವು ಬಂದರೆ ಆಟ ನಿಲ್ಲಿಸಿ, ಮೊದಲು ಹೃದಯ ತೋರಿಸಬೇಕು.

ಇನ್ನೊಂದು ಮಾತು, ರಾಜ್ಯ ಮಟ್ಟಕ್ಕೆ ಹೋಗುವವರ ಮನೆಯವರಿಗೆ. ಇನ್‌ಹೇಲರ್ ಮೂಲಕ ಸಾಲ್ಬುಟಮಾಲ್ ತೆಗೆದುಕೊಳ್ಳಲು ಉದ್ದೀಪನ ಮದ್ದು ತಡೆ ನಿಯಮದಲ್ಲಿ ಮಿತಿಯೊಳಗೆ ಅನುಮತಿ ಇದೆ. ಎರಡು ಒತ್ತು ಆ ಮಿತಿಯ ಹತ್ತಿರವೂ ಹೋಗುವುದಿಲ್ಲ. ಆದರೆ ಅದೇ ಔಷಧಿಯ ಮಾತ್ರೆ, ಸಿರಪ್ ನಿಷಿದ್ಧ. ಅಂಗಡಿಯಲ್ಲಿ ಸಿಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿರುವ ಟರ್ಬುಟಲೀನ್ ಕೂಡ ನಿಷಿದ್ಧವೇ. ಪಂಪಿಗೆ ಹೆದರಿ ಸಿರಪ್ ಕುಡಿಸುವವರು ಬಾಟಲಿಯ ಚೀಟಿ ಓದಲಿ.

ಈಗ ನನ್ನ ತಕರಾರು. ಮೊದಲ ಸಲ ಸರಿಯಾಗಿ ತಯಾರಾಗಿ ಹೋದ ಕೂಟದಲ್ಲಿ ಅವಳ ಓಟ 11 ಗಂಟೆಗೆ ಅಂತಿತ್ತು. 10.20ಕ್ಕೆ ಎರಡು ಒತ್ತು, 10.35ಕ್ಕೆ ಜಾಗಿಂಗ್, 10.50ರೊಳಗೆ ಜೋರು ಓಟಗಳೂ ಮುಗಿದವು. ಅತಿಥಿಗಳು ಬಂದಿರಲಿಲ್ಲ. ಜ್ಯೋತಿ, ಪ್ರಾರ್ಥನೆ, ಭಾಷಣ, ಹಾರ. ಹುಡುಗರನ್ನು ಬಿಸಿಲಲ್ಲಿ ಸಾಲಾಗಿ ನಿಲ್ಲಿಸಿದರು. ಓಟ ಶುರುವಾದದ್ದು 2 ಗಂಟೆಗೆ, ಮೈಕಿನಲ್ಲಿ ಕೂಗಿದ ಐದೇ ನಿಮಿಷಕ್ಕೆ. ಬ್ಯಾಗುಗಳನ್ನೆಲ್ಲ ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿದ್ದರು, ಪಂಪೂ ಅಲ್ಲೇ. ಅವಳು ಎರಡನೆಯವಳಾಗಿ ಬಂದಳು, ಆಮೇಲೆ ಮುಕ್ಕಾಲು ಗಂಟೆ ಕುಯ್ ಕುಯ್ ಅಂದಳು. ಬೀಗದ ಕೈ ಇದ್ದವರು ಊಟಕ್ಕೆ ಹೋಗಿದ್ದರು.

ಕೂಟ ನಡೆಸುವವರು ಓಟಕ್ಕೆ 40 ನಿಮಿಷ ಮೊದಲು ಮೈಕಿನಲ್ಲಿ ಹೇಳಲಿ, ಹೇಳಿದ ಮೇಲೆ ಹೊತ್ತು ಬದಲಿಸದಿರಲಿ. ವಾರ್ಮ್ ಅಪ್‌ಗೆ ಟ್ರ್ಯಾಕಿನ ಹೊರಗೆ 50 ಮೀಟರ್ ಜಾಗ ಬಿಡಲಿ. ಪಂಪು ಮಗುವಿನ ಜೇಬಿನಲ್ಲೋ ಜೊತೆಗೆ ಬಂದ ಮೇಷ್ಟ್ರ ಕೈಯಲ್ಲೋ ಇರಲಿ. ಮೈದಾನದ ಪ್ರಥಮ ಚಿಕಿತ್ಸೆ ಪೆಟ್ಟಿಗೆಯಲ್ಲಿ ಅಯೋಡಿನ್, ಹತ್ತಿಯ ಜೊತೆಗೆ ಒಂದು ಸಾಲ್ಬುಟಮಾಲ್ ಇನ್‌ಹೇಲರ್, ಒಂದು ಸ್ಪೇಸರ್ ಇಡಲಿ. ಉಸಿರು ಕಟ್ಟಿದ ಮಗುವನ್ನು ಮಲಗಿಸದೆ ಕೂರಿಸಿ, ಸ್ಪೇಸರಿನಲ್ಲಿ ಒಂದೊಂದಾಗಿ ನಾಲ್ಕು ಒತ್ತು, ಪ್ರತಿ ಒತ್ತಿಗೆ ನಾಲ್ಕು ಉಸಿರು ಕೊಡಬೇಕು. ನಾಲ್ಕು ನಿಮಿಷದಲ್ಲಿ ಹಗುರಾಗದಿದ್ದರೆ ಮತ್ತೆ ನಾಲ್ಕು ಒತ್ತು. ಆಗಲೂ ಹಗುರಾಗದಿದ್ದರೆ, ಇಲ್ಲವೇ ಮಗು ಮಾತಾಡಲೂ ಆಗದಷ್ಟು ಏದುತ್ತಿದ್ದರೆ, ತಡಮಾಡದೆ 108ಕ್ಕೆ ಫೋನ್ ಮಾಡಬೇಕು.

ಇತಿ,
ನಿವೃತ್ತ ದೈಹಿಕ ಶಿಕ್ಷಕ,
ಮಂಡ್ಯ