ಮೊದಲು–ನಂತರ ಫೋಟೋ ಹಾಕುವ ಮುನ್ನ

ಎಲ್ಲರಿಗೂ ನಮಸ್ಕಾರ. ನಿನ್ನೆ ಬಂದ ಫೇಸ್ ಕ್ರೀಮ್ ಪೋಸ್ಟರ್ ತಡೆಹಿಡಿದಿದ್ದೇನೆ. ಬರೆದವರ ಮೇಲೆ ಬೇಸರವಿಲ್ಲ, ಬೇಸರ ಇರುವುದು ಫೋಟೋ ಬಗ್ಗೆ.

"ಮೊದಲು" ಫೋಟೋದಲ್ಲಿ ಬೆಳಕು ಪಕ್ಕದಿಂದ ಬಿದ್ದಿದೆ. ಹಾಗಾಗಿ ಪ್ರತಿ ಗೆರೆಗೂ ನೆರಳು. "ನಂತರ" ಫೋಟೋದಲ್ಲಿ ಬೆಳಕು ಎದುರಿನಿಂದ. ಕ್ರೀಮ್ ಹಚ್ಚದೆಯೂ ಇಷ್ಟು ವ್ಯತ್ಯಾಸ ಕಾಣುತ್ತದೆ. ಬೇಕಿದ್ದರೆ ಕಿಟಕಿ ಹತ್ತಿರ ನಿಂತು ನೋಡಿ.

ಮೇಲೆ "7 ದಿನದಲ್ಲಿ ಸುಕ್ಕು ಮಾಯ" ಅಂತ ಬೇರೆ! ಡಬ್ಬಿಯಲ್ಲಿ ಮುಖ್ಯವಾಗಿ ಇರುವುದು ಗ್ಲಿಸರಿನ್. ಅದು ಚರ್ಮದ ಮೇಲ್ಪದರದಲ್ಲಿ ನೀರು ಹಿಡಿದಿಡುತ್ತದೆ, ಅಷ್ಟೇ. ಹಚ್ಚುವುದು ಬಿಟ್ಟರೆ ಚರ್ಮ ಮತ್ತೆ ಒಣಗುತ್ತದೆ. ಅದಕ್ಕೆ ಹೀಗೆ ಬರೆಯೋಣ: "ಒಣ ಚರ್ಮವನ್ನು ಮೆತ್ತಗೆ ಮಾಡುತ್ತದೆ. ಒಣಗಿ ಮೂಡಿದ ಸಣ್ಣ ಗೆರೆಗಳು ಹಚ್ಚಿದಾಗ ಕಡಿಮೆ ಕಾಣಬಹುದು."

ಫೋಟೋ ಬೇಕೇ ಬೇಕು ಅಂದರೆ ಅದೇ ಜಾಗ, ಅದೇ ಬೆಳಕು, ಅದೇ ದೂರ ಇರಲಿ. ಮೇಕಪ್, ಫಿಲ್ಟರ್ ಎರಡೂ ಬೇಡ. ಎಷ್ಟು ದಿನ ಹಚ್ಚಿದರು, ಜೊತೆಗೆ ಇನ್ನೇನು ಬಳಸುತ್ತಿದ್ದರು ಅನ್ನೋದನ್ನೂ ಕೆಳಗೆ ಬರೆಯಿರಿ. "ಫಲಿತಾಂಶ ಬದಲಾಗಬಹುದು" ಅಂತ ಸಣ್ಣಕ್ಷರದಲ್ಲಿ ಸುಮ್ನೆ ಸೇರಿಸಿದರೆ ಮೋಸದ ಫೋಟೋ ಸರಿಹೋಗಲ್ಲ.

ಹೆಲ್ತ್ ಪೌಡರ್‌ನವರೇ, "ನಾರಿನಂಶ ಇದೆ" ಅನ್ನಿ, ಲೇಬಲ್‌ನಲ್ಲಿ ಎಷ್ಟಿದೆಯೋ ಅಷ್ಟೇ. "ಶುಗರ್ ವಾಸಿಯಾಗುತ್ತದೆ" ಅಂತ ಬರೆಯಬೇಡಿ. ಯಾರೋ ಅದನ್ನು ನಂಬಿ ಮಾತ್ರೆ ನಿಲ್ಲಿಸಬಹುದು, ಅಲ್ವಾ?