ಬಾವಿಕಟ್ಟೆಯ ಪ್ರಾಜೆಕ್ಟು

ಉಡುಪಿ
ಮೇ 12

ಪ್ರೀತಿಯ ಪುಟ್ಟಿಗೆ,

ನಿನ್ನ ಕಾಗದ ಬಂತು. ರಜೆ ಮುಗಿಯುವುದರೊಳಗೆ ಪ್ರಾಜೆಕ್ಟಿಗೆ ವಿಷಯ ಹುಡುಕಬೇಕು, ಮನೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಏನು ಮಾಡಲಿ ಅಂತ ಬರೆದಿದ್ದೀಯ. ನಿಮ್ಮ ಮನೆಯ ಬಾವಿಯನ್ನೇ ವಿಷಯ ಮಾಡಿಕೋ. ಮಳೆ ಬಿದ್ದಾಗ ಬಾವಿಯ ನೀರು ಯಾವಾಗ ಏರುತ್ತದೆ, ಎಷ್ಟು ಏರುತ್ತದೆ? ಇಷ್ಟೇ ಪ್ರಶ್ನೆ. ಸುಲಭ ಅಂತ ಕಾಣುತ್ತದೆ ಅಲ್ವಾ? ನಾನು ಎರಡು ಮಳೆಗಾಲ ನಮ್ಮ ಬಾವಿಯನ್ನು ಅಳೆದಿದ್ದೇನೆ. ಅದರಿಂದ ಕಲಿತದ್ದನ್ನು ಹೇಳುತ್ತೇನೆ.

ಮೊದಲು ಬಾವಿಕಟ್ಟೆಯ ಮೇಲೆ ಒಂದು ಗುರುತು ಹಾಕು. ಪೈಂಟಿನಲ್ಲೇ ಹಾಕು, ಸೀಮೆಸುಣ್ಣ ಮಳೆಗೆ ಹೋಗುತ್ತದೆ. ಪ್ರತಿ ಸಲ ಅಲ್ಲಿಂದಲೇ ನೀರಿನವರೆಗೆ ಅಳೆಯಬೇಕು. ನಾನು ಮೊದಲ ವರ್ಷ ಈ ಗುರುತು ಹಾಕಿರಲಿಲ್ಲ. ಒಂದು ದಿನ ಕಟ್ಟೆಯ ಎತ್ತರದ ಕಡೆಯಿಂದ ಅಳೆದೆ, ಇನ್ನೊಂದು ದಿನ ತಗ್ಗಿನ ಕಡೆಯಿಂದ. ಒಂದು ತಿಂಗಳ ಲೆಕ್ಕ ಪೂರ್ತಿ ಬಿಟ್ಟುಬಿಡಬೇಕಾಯಿತು.

ಅಳೆಯಲು ತೆಳ್ಳಗಿನ ಗಟ್ಟಿ ಹಗ್ಗ ಬೇಕು. ಹಳೆಯ ಸಣ್ಣ ಡಬ್ಬಿಯೊಂದರ ತಳಕ್ಕೆ ತೂತು ಮಾಡಿ ಹಗ್ಗ ತೂರಿಸು. ಒಳಗಡೆ ಹಗ್ಗದ ತುದಿಗೆ ಭಾರದ ಒಂದು ನಟ್ಟು ಕಟ್ಟು. ನಟ್ಟು ಡಬ್ಬಿಯ ಬಾಯಿಂದ ಹೊರಗೆ ಬರಬಾರದು. ಡಬ್ಬಿ ಬೋರಲಾಗಿ ಇಳಿಯಬೇಕು. ಅದರ ಬಾಯಿ ನೀರು ಮುಟ್ಟಿದ ಕೂಡಲೇ 'ಟಪ್' ಅಂತ ಸದ್ದಾಗುತ್ತದೆ. ಕತ್ತಲ ಬಾವಿಯಲ್ಲೂ ಆ ಸದ್ದು ಚೆನ್ನಾಗಿ ಕೇಳುತ್ತದೆ. ಎರಡು ಮೂರು ಸಲ ಮೇಲೆ ಕೆಳಗೆ ಮಾಡಿ, ಸದ್ದು ಬಂದ ಜಾಗದಲ್ಲಿ ಹಗ್ಗವನ್ನು ಗುರುತಿಗೆ ಹಿಡಿ. ನೆನೆದರೆ ಹಗ್ಗದ ಉದ್ದ ಬದಲಾಗುತ್ತದೆ. ಆದ್ದರಿಂದ ಮೊದಲು ನೆನೆಸಿ, ಡಬ್ಬಿಯ ಭಾರ ಇರುವಾಗಲೇ ಮೀಟರಿಗೊಂದು ಗಂಟು ಹಾಕು. ತಿಂಗಳಿಗೊಮ್ಮೆ ಗಂಟುಗಳನ್ನು ಟೇಪಿನಲ್ಲಿ ಮತ್ತೆ ಅಳೆದು ನೋಡು. ಮಳೆಗಾಲದಲ್ಲಿ ಕಟ್ಟೆಯ ಸುತ್ತ ಪಾಚಿ ಹಿಡಿದು ಜಾರುತ್ತದೆ. ಅಮ್ಮ ಜೊತೆಯಲ್ಲಿ ಇಲ್ಲದಿದ್ದರೆ ಅಳೆಯಬೇಡ, ಬಾವಿಗೆ ಬಗ್ಗಿ ನೋಡಲೂ ಬೇಡ.

ಬೆಳಿಗ್ಗೆ 6 ಗಂಟೆಗೆ ಅಳೆ. ಆಗ ಯಾರೂ ನೀರು ಸೇದಿರುವುದಿಲ್ಲ, ಪಂಪೂ ಹಾಕಿರುವುದಿಲ್ಲ. ಪಂಪು ನಿಲ್ಲಿಸಿದ ಮೇಲೆ ಅಳೆದರೆ ಸಿಗುವುದು ಪಂಪಿನ ಲೆಕ್ಕ, ಬಾವಿಯದಲ್ಲ. ನೀರು ನಿಂತಿದೆಯೋ ಇನ್ನೂ ಏರುತ್ತಿದೆಯೋ ಅಂತ ಅನುಮಾನ ಬಂದರೆ ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಅಳೆ. ಎರಡೂ ಒಂದೇ ಆಗಿದ್ದರೆ ಸರಿ. ಮೇ ತಿಂಗಳಲ್ಲಿ ಒರತೆ ಸಣ್ಣದು. ಸೇದಿದ ನೀರು ಮತ್ತೆ ತುಂಬಲು ರಾತ್ರಿಯಿಡೀ ಬೇಕಾಗಬಹುದು.

ಮಳೆ ಅಳೆಯಲು ಮೇಲಿನಿಂದ ಕೆಳಗಿನವರೆಗೂ ಒಂದೇ ಅಗಲ ಇರುವ, ತಳ ಸಮತಟ್ಟಾಗಿರುವ ಡಬ್ಬ ಬೇಕು. ಬಾಯಿ ಅಗಲವಾಗಿ ತಳ ಕಿರಿದಾದದ್ದು ಬೇಡ, ಲೆಕ್ಕ ತಪ್ಪುತ್ತದೆ. ನಮ್ಮ ಕಡೆಯ ಮಳೆ ಒಂದೇ ದಿನಕ್ಕೆ 20 ಸೆಂಟಿಮೀಟರ್ ದಾಟುವುದೂ ಇದೆ, ಹಾಗಾಗಿ ಎತ್ತರದ ಡಬ್ಬವನ್ನೇ ಹುಡುಕು. ಮರದಿಂದಲೂ ಮಾಡಿನಿಂದಲೂ ದೂರ, ನೆಲದ ಕೆಸರು ಹಾರದಷ್ಟು ಎತ್ತರದಲ್ಲಿ ಇಡು. ದಿನಾ 6 ಗಂಟೆಗೆ ಅದರಲ್ಲಿ ಸ್ಕೇಲ್ ನಿಲ್ಲಿಸಿ ಓದಿ, ನೀರು ಚೆಲ್ಲಿಬಿಡು. ಪಂಚಾಯತ್ ಲೈಬ್ರರಿಯಲ್ಲಿ ಪೇಪರಿನ ಮಳೆ ಲೆಕ್ಕವನ್ನೂ ಬರೆದುಕೋ. ಹವಾಮಾನ ಇಲಾಖೆ ದಿನದ ಮಳೆಯನ್ನು ಬೆಳಿಗ್ಗೆ 8:30ರಿಂದ ಮರುದಿನ 8:30ರವರೆಗೆ ಲೆಕ್ಕ ಹಾಕುತ್ತದೆ. ನಿನ್ನದು 6 ಗಂಟೆಯದು. ಹಾಗಾಗಿ ಒಂದೊಂದು ದಿನದ ಅಂಕಿ ಹೊಂದದಿದ್ದರೆ ಗಾಬರಿ ಬೇಡ. ವಾರದ ಒಟ್ಟು ಮಳೆಯನ್ನು ಹೋಲಿಸು. ಅದರಲ್ಲೂ ವ್ಯತ್ಯಾಸ ಇರುತ್ತದೆ, ಮಳೆ ಎಲ್ಲ ಊರಲ್ಲೂ ಒಂದೇ ಸಮ ಬೀಳುವುದಿಲ್ಲವಲ್ಲ.

ಇನ್ನು ನನ್ನ ನೋಟ್‌ಬುಕ್ಕಿನ ಕಥೆ ಕೇಳು. ಮೇ ಕೊನೆಗೆ ನಮ್ಮ ಬಾವಿಯ ನೀರು ಗುರುತಿನಿಂದ 9.40 ಮೀಟರ್ ಕೆಳಗಿತ್ತು. ಜೂನಿನ ಮೊದಲ ಹತ್ತು ದಿನದಲ್ಲಿ 24 ಸೆಂಟಿಮೀಟರ್ ಮಳೆ ಬಂತು. ಬಾವಿ ಏರಿದ್ದು 10 ಸೆಂಟಿಮೀಟರ್ ಮಾತ್ರ. ಹಗ್ಗ ತಪ್ಪಿತೇನೋ ಅಂತ ನಾನು ಮತ್ತೆ ಮತ್ತೆ ಅಳೆದೆ. ಹಗ್ಗ ಸರಿಯಾಗಿಯೇ ಇತ್ತು. ಬೇಸಿಗೆಯಲ್ಲಿ ಒಣಗಿದ ಮಣ್ಣು ಮೊದಲು ತಾನೇ ಕುಡಿಯುತ್ತದೆ. ಅದರ ಹೊಟ್ಟೆ ತುಂಬಿದ ಮೇಲೆಯೇ ನೀರು ಕೆಳಗಿಳಿಯುವುದು. ಜೂನ್ ಕೊನೆಯಲ್ಲಿ ಆರು ದಿನಕ್ಕೆ 30 ಸೆಂಟಿಮೀಟರ್ ಮಳೆಯಾಯಿತು. ಆಗ ಬಾವಿ 2.40 ಮೀಟರ್ ಏರಿತು. ಬಿದ್ದ ಮಳೆಯ ಎಂಟು ಪಟ್ಟು!

ಅಷ್ಟು ನೀರು ಎಲ್ಲಿಂದ ಬಂತು? ಈ ಪ್ರಶ್ನೆಯಲ್ಲೇ ನಿನ್ನ ಪ್ರಾಜೆಕ್ಟಿನ ಜೀವ ಇದೆ. ಒಂದೇ ಅಳತೆಯ ಎರಡು ಡಬ್ಬ ತೆಗೆದುಕೋ. ಒಂದು ಖಾಲಿ ಇರಲಿ, ಇನ್ನೊಂದರಲ್ಲಿ ಒಣ ಜಲ್ಲಿ ತುಂಬು. ಎರಡಕ್ಕೂ ಒಂದೊಂದು ಲೋಟ ನೀರು ಹಾಕು. ಜಲ್ಲಿಯ ಡಬ್ಬದಲ್ಲಿ ನೀರು ಎರಡು ಪಟ್ಟಿಗಿಂತ ಜಾಸ್ತಿ ಏರುತ್ತದೆ. ಕಲ್ಲಿನ ಜಾಗ ಕಲ್ಲಿಗೇ, ನೀರಿಗೆ ಉಳಿದದ್ದು ಸಂದು ಮಾತ್ರ. ನಮ್ಮ ನೆಲದ ಮುರಕಲ್ಲಿನಲ್ಲಿ ತೂತುಗಳು ಕಾಣುತ್ತವೆ, ಆದರೆ ಹೊಸ ನೀರಿಗೆ ಖಾಲಿ ಇರುವ ಜಾಗ ಜಲ್ಲಿಗಿಂತ ತುಂಬಾ ಕಡಿಮೆ. ಅದಕ್ಕೇ ಸ್ವಲ್ಪ ನೀರು ಇಳಿದರೂ ಮಟ್ಟ ತುಂಬಾ ಏರುತ್ತದೆ. ಹಾಗಂತ ಎಂಟರಲ್ಲಿ ಒಂದು ಪಾಲು ಸಂದು ಅಂತ ಬರೆದುಬಿಡಬೇಡ. ಮಳೆಯಲ್ಲಿ ದೊಡ್ಡ ಪಾಲು ತೋಡಿಗೆ ಹರಿದು ಹೋಗಿರುತ್ತದೆ. ಗುಡ್ಡೆಯ ಮೇಲಿನಿಂದ ಒಳಗೊಳಗೇ ಬಂದ ನೀರೂ ಸೇರಿರುತ್ತದೆ. ಇವೆರಡನ್ನೂ ನೀನು ಅಳೆದಿಲ್ಲ. ಅದನ್ನು ವರದಿಯಲ್ಲೇ ಹೇಳು.

ಸಾಧ್ಯವಾದರೆ ಬೈಲಿನ ಗದ್ದೆ ಪಕ್ಕದ ಬಾವಿಯನ್ನೂ ವಾರಕ್ಕೊಮ್ಮೆ ಅಳೆ. ನಿಮ್ಮದು ಗುಡ್ಡೆಯ ಬದಿಯ ಬಾವಿ. ಸೆಪ್ಟೆಂಬರಿನಲ್ಲಿ ಮಳೆ ಬಿಟ್ಟ ಮೇಲೆ ಅದು ಬೇಗ ಇಳಿಯುತ್ತದೆ, ಬೈಲಿನದು ನಿಧಾನವಾಗಿ ಇಳಿಯುತ್ತದೆ ಅಂತ ನನ್ನ ಅಂದಾಜು. ನನ್ನ ಮಾತನ್ನು ನಂಬಿಕೊಂಡು ಬರೆಯಬೇಡ, ಅಳೆದು ನೋಡು.

ಗ್ರಾಫ್ ಹಾಕುವಾಗ ಸೊನ್ನೆಯನ್ನು ಮೇಲೆ ಇಡು. ಆಗ ನೀರು ಏರಿದರೆ ಗೆರೆಯೂ ಏರುತ್ತದೆ. ಅಳೆಯದ ದಿನವನ್ನು ಖಾಲಿ ಬಿಡು. ನಿನ್ನೆಯ ಅಂಕಿಯನ್ನು ಇವತ್ತಿಗೆ ಬರೆಯಬೇಡ. ಐದಾರು ದಿನ ಒಂದೇ ಅಂಕಿ ಇದ್ದು ಆಮೇಲೆ ಥಟ್ಟನೆ ಹಾರಿದರೆ ನಿನ್ನ ಟೀಚರಿಗೆ ಕೂಡಲೇ ಗೊತ್ತಾಗುತ್ತದೆ.

ದೊಡ್ಡ ಲೈಬ್ರರಿಗೆ ಹೋದಾಗ ಜಿಲ್ಲಾ ಗ್ಯಾಸೆಟಿಯರ್ ಕೇಳು. ಅದರಲ್ಲಿ ಮಳೆ, ಮಣ್ಣು, ಕಲ್ಲಿನ ವಿಷಯ ಇರುತ್ತದೆ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಳೆಯ ಪುಸ್ತಕ ಬೇಕಾದರೆ ದಕ್ಷಿಣ ಕನ್ನಡದ ಹೆಸರಲ್ಲಿ ಹುಡುಕು. ಮುರಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಮಾತಿನಿಂದ ಬಂದ ಹೆಸರು ಅದು. ಅಗೆಯುವಾಗ ಮೆತ್ತಗಿದ್ದು, ಕಡಿದು ಹೊರಗಿಟ್ಟ ಮೇಲೆ ಗಟ್ಟಿಯಾಗುವ ಕಲ್ಲು. ನಿಮ್ಮ ಬಾವಿಯ ಗೋಡೆಯೂ ಅದೇ. ವರದಿಯಲ್ಲಿ ಅದರ ಒಂದು ಚಿತ್ರ ಬಿಡಿಸು.

ಈ ಶನಿವಾರ ಅಣ್ಣ ನಿಮ್ಮಲ್ಲಿಗೆ ಬರುತ್ತಾನೆ. ಗಂಟು ಹಾಕಿದ ನನ್ನ ಹಗ್ಗವನ್ನು ಅವನ ಕೈಯಲ್ಲಿ ಕಳಿಸುತ್ತೇನೆ. ಅದು 12 ಮೀಟರ್ ಇದೆ, ನಿಮ್ಮ ಬಾವಿಗೆ ಸಾಲದಿದ್ದರೆ ಜೋಡಿಸಿಕೋ. ಮೊದಲ ಮಳೆಗೆ ಮುಂಚೆ ಏಳೆಂಟು ದಿನದ ಅಳತೆಯಾದರೂ ನಿನ್ನ ಕೈಯಲ್ಲಿ ಇರಬೇಕು. ಭಾನುವಾರದಿಂದಲೇ ಶುರು ಮಾಡು, ಮೊದಲ ಅಂಕಿಯನ್ನು ನನಗೆ ಬರೆದು ತಿಳಿಸು.

ನಿನ್ನ
ದೊಡ್ಡಮ್ಮ